ಗುರುವಾರ ಹತ್ತರಿಂದ ಐದರವರೆಗೆ: ಅತಿಥಿಗಳಿಗೆ ಕರೆಂಟು, ನೀರಿನ ಸೂಚನೆ ಬರೆಯುವ ಬಗೆ

ಚಿಕ್ಕಬಳ್ಳಾಪುರದಲ್ಲಿ ಹದಿನಾರು ಕೊಠಡಿಗಳ ಒಂದು ವಸತಿಗೃಹವನ್ನು ನಾನು ನೋಡಿಕೊಳ್ಳುತ್ತೇನೆ. ಕರೆಂಟು ಅಥವಾ ನೀರು ನಿಲ್ಲುವ ಸಂದರ್ಭ ಬಂದಾಗಲೆಲ್ಲ ಹಲವು ವರ್ಷಗಳ ಕಾಲ ನಾನು ಅಂಟಿಸುತ್ತಿದ್ದ ಸೂಚನೆ ಹೀಗಿತ್ತು: ‘ಅನಿವಾರ್ಯ ಕಾರಣಗಳಿಂದ ನಾಳೆ ವಿದ್ಯುತ್ ಹಾಗೂ ನೀರಿನ ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದೆ. ಅತಿಥಿಗಳು ಗಾಬರಿಯಾಗದೆ ಸಹಕರಿಸಬೇಕಾಗಿ ವಿನಂತಿ.’ ಇದರಲ್ಲಿ ತಪ್ಪು ಮಾತು ಒಂದೂ ಇಲ್ಲ, ವಿನಯಕ್ಕೂ ಕೊರತೆಯಿಲ್ಲ. ಆದರೂ ಇದನ್ನು ಅಂಟಿಸಿದ ಅರ್ಧ ಗಂಟೆಯೊಳಗೆ ಜನ ಒಬ್ಬೊಬ್ಬರಾಗಿ ಕೆಳಗಿಳಿದು ಬಂದು ಕೇಳತೊಡಗುತ್ತಿದ್ದರು. ಇಡೀ ದಿನ ಕರೆಂಟು ಇರುವುದಿಲ್ಲವೇ, ಶೌಚಕ್ಕೂ ನೀರು ಬರುವುದಿಲ್ಲವೇ, ಮಗುವಿನ ಹಾಲಿಗೆ ಬಿಸಿನೀರು ಎಲ್ಲಿ ಸಿಗುತ್ತದೆ, ಬೇರೆ ಲಾಡ್ಜಿಗೆ ಹೋಗುವುದು ಒಳ್ಳೆಯದೇ ಎಂದು ಅವರು ಕೇಳುತ್ತಿದ್ದ ಪ್ರಶ್ನೆಗಳನ್ನು ಒಂದು ದಿನ ಕುಳಿತು ಬರೆದುಕೊಂಡಾಗ, ಅವೆಲ್ಲವೂ ನನ್ನ ಸೂಚನೆ ಹೇಳದೆ ಬಿಟ್ಟ ಸಂಗತಿಗಳೇ ಎಂಬುದು ಗೊತ್ತಾಯಿತು. ಕರೆಂಟು ಹೋಗುತ್ತದೆ ಎಂಬ ಸುದ್ದಿಯಿಂದ ಯಾರೂ ಹೆದರಿರಲಿಲ್ಲ. ಎಷ್ಟು ಹೊತ್ತು, ಯಾವುದು, ಆಮೇಲೇನು ಎಂಬುದು ತಿಳಿಯದೆ ಹೋದದ್ದರಿಂದ ಅವರಿಗೆ ಕಳವಳವಾಗಿತ್ತು.

ಆ ಸಂಗತಿಗಳನ್ನು ನಾನು ಬಿಟ್ಟದ್ದು ಬರೆಯಲು ಬಾರದೆ ಅಲ್ಲ, ನನಗೇ ಗೊತ್ತಿರಲಿಲ್ಲವಾದ್ದರಿಂದ. ನಮ್ಮ ಕಟ್ಟಡದಲ್ಲಿ ಕರೆಂಟು ಹೋದರೆ ಯಾವುದು ನಿಲ್ಲುತ್ತದೆ, ಯಾವುದು ನಡೆಯುತ್ತದೆ, ನಡೆಯುವುದು ಎಷ್ಟು ಗಂಟೆ ನಡೆಯುತ್ತದೆ ಎಂಬ ಲೆಕ್ಕವನ್ನು ನಾನು ಒಮ್ಮೆಯೂ ಹಾಕಿರಲಿಲ್ಲ. ಆದ್ದರಿಂದ ಈ ಲೇಖನದಲ್ಲಿ ಸೂಚನೆಯ ಮಾತುಗಳಿಗಿಂತ ಮೊದಲು ಆ ಲೆಕ್ಕವನ್ನೇ ವಿವರಿಸುತ್ತೇನೆ. ಉದಾಹರಣೆಗೆ ಒಂದು ಸಾಮಾನ್ಯ ಸಂದರ್ಭವನ್ನು ತೆಗೆದುಕೊಳ್ಳೋಣ: ಉಪಕೇಂದ್ರದ ನಿರ್ವಹಣಾ ಕೆಲಸದ ಸಲುವಾಗಿ ಗುರುವಾರ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಕರೆಂಟು ಇರುವುದಿಲ್ಲ ಎಂಬ ಬೆಸ್ಕಾಂ ಪ್ರಕಟಣೆ ಬಂದಿದೆ, ಮತ್ತು ಆ ದಿನ ನಮ್ಮಲ್ಲಿ ಮೂವತ್ತೆಂಟು ಮಂದಿ ಇದ್ದಾರೆ.

ನಮ್ಮ ಜಿಲ್ಲೆಯಲ್ಲಿ ಕರೆಂಟಿನ ಮಾತು ಬಂದರೆ ನೀರಿನ ಮಾತೂ ಬರುತ್ತದೆ. ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ; ನೀರು ಸಾವಿರ ಅಡಿಗೂ ಹೆಚ್ಚು ಆಳದ ಕೊಳವೆಬಾವಿಗಳಿಂದ ಮೇಲೆ ಬರಬೇಕು, ಅದಕ್ಕೆ ಮೂರು ಫೇಸಿನ ಮೋಟಾರು ಓಡಬೇಕು. ಹೀಗಾಗಿ ‘ಕರೆಂಟು ಇಲ್ಲ’ ಎಂದು ಓದಿದ ಕೂಡಲೇ ಸ್ಥಳೀಯರು ‘ನೀರೂ ಇಲ್ಲ’ ಎಂದು ಕೂಡಿಸಿಕೊಳ್ಳುತ್ತಾರೆ. ಆದರೆ ಅದು ನಿಜವೇ ಎಂಬುದು ಮೋಟಾರನ್ನು ಅವಲಂಬಿಸಿಲ್ಲ, ಟ್ಯಾಂಕನ್ನು ಅವಲಂಬಿಸಿದೆ. ನಮ್ಮಲ್ಲಿ ಕೊಳವೆಬಾವಿಯ ನೀರು ಮೊದಲು ನೆಲದೊಳಗಿನ ಸಂಪು ತೊಟ್ಟಿಗೆ ಬೀಳುತ್ತದೆ, ಅಲ್ಲಿಂದ ಒಂದು ಸಣ್ಣ ಪಂಪು ಅದನ್ನು ತಾರಸಿಯ ಮೇಲಿನ ಹತ್ತು ಸಾವಿರ ಲೀಟರಿನ ಟ್ಯಾಂಕಿಗೆ ಏರಿಸುತ್ತದೆ, ಟ್ಯಾಂಕಿನಿಂದ ಕೊಠಡಿಗಳಿಗೆ ನೀರು ತಾನಾಗಿಯೇ ಇಳಿಯುತ್ತದೆ.

ಹೋಟೆಲುಗಳಲ್ಲಿ ಒಬ್ಬ ಅತಿಥಿಗೆ ದಿನಕ್ಕೆ 180 ಲೀಟರ್ ನೀರು ಬೇಕೆಂದು ಕಟ್ಟಡಗಳ ಭಾರತೀಯ ಮಾನಕ ಲೆಕ್ಕ ಹಿಡಿಯುತ್ತದೆ. ಮೂವತ್ತೆಂಟು ಮಂದಿಗೆ ಅದು 6,800 ಲೀಟರಿಗೆ ಸ್ವಲ್ಪ ಹೆಚ್ಚಾಗುತ್ತದೆ. ಹಾಗೆ ನೋಡಿದರೆ ತುಂಬಿದ ಟ್ಯಾಂಕು ಒಂದು ಇಡೀ ದಿನಕ್ಕೆ ಸಾಕು, ಏಳು ಗಂಟೆಯ ಅವಧಿಗೆ ಧಾರಾಳವಾಗಿ ಸಾಕು. ಆದರೆ ಹತ್ತು ಗಂಟೆಗೆ ಟ್ಯಾಂಕು ತುಂಬಿರುತ್ತದೆಯೇ ಎಂಬುದನ್ನು ನೋಡಬೇಕು. ನಮ್ಮ ಅತಿಥಿಗಳಲ್ಲಿ ಬಹಳ ಮಂದಿ ನಂದಿಬೆಟ್ಟದ ಸೂರ್ಯೋದಯಕ್ಕೆಂದು ಬಂದವರು. ಅವರು ನಸುಕಿನಲ್ಲಿ ಎದ್ದು ಮುಖ ತೊಳೆದು ಹೊರಟು, ಒಂಬತ್ತು ಗಂಟೆಯ ಹೊತ್ತಿಗೆ ಚಳಿ ಹಿಡಿದು ಮರಳಿ ಬಂದು, ಎಲ್ಲರೂ ಒಟ್ಟಿಗೇ ಬಿಸಿನೀರಿನ ಸ್ನಾನಕ್ಕೆ ನಿಲ್ಲುತ್ತಾರೆ. ಅಂದರೆ ನೀರು ಅತಿ ಹೆಚ್ಚು ಖರ್ಚಾಗುವ ಹೊತ್ತು ಮತ್ತು ಕರೆಂಟು ಹೋಗುವ ಹೊತ್ತು ಒಂದರ ಮೇಲೊಂದು ಬರುತ್ತವೆ. ದಿನದ ನೀರಿನಲ್ಲಿ ಸುಮಾರು ಅರ್ಧ, ಅಂದರೆ 3,400 ಲೀಟರಿನಷ್ಟು, ಹತ್ತರೊಳಗೇ ಹೋಗುತ್ತದೆ.

ಸಂಪಿನಿಂದ ಏರಿಸುವ ನಮ್ಮ ಪಂಪು ನಿಮಿಷಕ್ಕೆ ಸುಮಾರು ಅರವತ್ತು ಲೀಟರ್ ಎತ್ತುತ್ತದೆ; ಗಂಟೆಗೆ 3,600 ಲೀಟರ್ ಆಯಿತು. ಅದನ್ನು ಎಂಟೂವರೆಗೆ ಹಾಕಿ ಒಂಬತ್ತೂ ಮುಕ್ಕಾಲಿನವರೆಗೆ ಓಡಿಸಿದರೆ 4,500 ಲೀಟರ್ ಮೇಲೇರುತ್ತದೆ, ಸ್ನಾನಕ್ಕೆ ಹೋದದ್ದು ತುಂಬಿಕೊಳ್ಳುತ್ತದೆ, ಹತ್ತಕ್ಕೆ ಟ್ಯಾಂಕು ಹೆಚ್ಚೂಕಡಿಮೆ ಭರ್ತಿಯಾಗಿರುತ್ತದೆ. ಹಾಸಿಗೆ ಬಟ್ಟೆ ಒಗೆಯುವುದನ್ನು ಶುಕ್ರವಾರಕ್ಕೆ ಮುಂದೂಡಿದರೆ ಸಂಜೆಯವರೆಗೆ ಎರಡು ಸಾವಿರ ಲೀಟರಿಗಿಂತ ಹೆಚ್ಚು ಬೇಕಾಗುವುದಿಲ್ಲ. ಕರೆಂಟು ಐದಕ್ಕೆ ಬಾರದೆ ಎಂಟಕ್ಕೆ ಬಂದರೂ ನಲ್ಲಿ ಒಣಗುವುದಿಲ್ಲ. ಈ ಲೆಕ್ಕ ಕೈಯಲ್ಲಿದ್ದಾಗ ಮಾತ್ರ ‘ನೀರಿನಲ್ಲಿ ವ್ಯತ್ಯಯ ಉಂಟಾಗಬಹುದು’ ಎಂಬ ಮಾತನ್ನು ಕಿತ್ತುಹಾಕಿ, ‘ನಲ್ಲಿ ನೀರು ಎಂದಿನಂತೆ ಬರುತ್ತದೆ’ ಎಂದು ಬರೆಯುವ ಧೈರ್ಯ ಬರುತ್ತದೆ. ನಾಲ್ಕು ಪದಗಳ ಆ ವಾಕ್ಯವೇ ಇಡೀ ಸೂಚನೆಯಲ್ಲಿ ಅತಿ ಹೆಚ್ಚು ಸಮಾಧಾನ ಕೊಡುವಂಥದ್ದು.

ಎಂದಿನಂತೆ ಎನ್ನುವುದಕ್ಕೂ ಒಂದು ಮಿತಿಯಿದೆ. ಮೂರನೇ ಮಹಡಿಯ ಕೊಠಡಿಗಳು ಟ್ಯಾಂಕಿನ ನೇರ ಕೆಳಗಿರುವುದರಿಂದ ಅಲ್ಲಿ ನೀರಿಗೆ ರಭಸ ಕಡಿಮೆ. ಶವರಿಗೆ ನೀರು ನೂಕಲು ತಾರಸಿಯಲ್ಲಿ ಒಂದು ಪ್ರೆಷರ್ ಪಂಪು ಇದೆ. ಕರೆಂಟಿಲ್ಲದಾಗ ಅದು ನಿಂತು, ಶವರಿನಿಂದ ಎಳೆ ಎಳೆಯಾಗಿ ನೀರು ಬೀಳುತ್ತದೆ, ಕೆಳಗಿನ ನಲ್ಲಿಯಲ್ಲಿ ಮಾತ್ರ ಬಕೆಟ್ ತುಂಬುತ್ತದೆ. ತಲೆಗೆ ಸೋಪು ಹಚ್ಚಿಕೊಂಡವರಿಗೆ ಆ ಎಳೆ ಕಂಡರೆ ನೀರು ಮುಗಿಯಿತೆಂದೇ ಅನ್ನಿಸುತ್ತದೆ. ಆದ್ದರಿಂದ ಮೂರನೇ ಮಹಡಿಯ ಸೂಚನೆಗೆ ಒಂದು ವಾಕ್ಯ ಹೆಚ್ಚಿಗೆ ಇರುತ್ತದೆ. ಉಳಿದ ಮಹಡಿಗಳವರಿಗೆ ಅದರ ಅಗತ್ಯವಿಲ್ಲ.

ಇನ್ನು ಜನರೇಟರು. ನಮ್ಮದು 15 ಕೆ.ವಿ.ಎ. ಸಾಮರ್ಥ್ಯದ್ದು, ಅಂದರೆ ಸುಮಾರು ಹನ್ನೆರಡು ಕಿಲೋವ್ಯಾಟ್ ಕೊಡಬಲ್ಲದು. ಪ್ರತಿ ಕೊಠಡಿಯ ಗೀಸರು ಎರಡು ಕಿಲೋವ್ಯಾಟ್ ಎಳೆಯುವುದರಿಂದ ಹದಿನಾರೂ ಸೇರಿದರೆ ಮೂವತ್ತೆರಡಾಗುತ್ತದೆ. ಹಾಗಾಗಿ ಗೀಸರು ಮತ್ತು ಎ.ಸಿ.ಗಳ ಲೈನನ್ನು ಜನರೇಟರಿಗೆ ಸೇರಿಸಿಲ್ಲ, ಲಿಫ್ಟನ್ನೂ ಸೇರಿಸಿಲ್ಲ. ದೀಪ, ಫ್ಯಾನು, ಸಣ್ಣ ಪ್ಲಗ್ಗು, ವೈ-ಫೈ, ಅಡುಗೆಮನೆಯ ಫ್ರಿಜ್ಜು, ಸಂಪಿನ ಪಂಪು ನಡೆಯುತ್ತವೆ. ‘ಜನರೇಟರ್ ಸೌಲಭ್ಯವಿದೆ’ ಎಂದಷ್ಟೇ ಬರೆದರೆ ಅತಿಥಿಗಳು ಎಲ್ಲವೂ ನಡೆಯುತ್ತದೆಂದು ತಿಳಿಯುತ್ತಾರೆ, ಆಮೇಲೆ ಗೀಸರಿನ ಸ್ವಿಚ್ಚು ಹಾಕಿ ಕೆಂಪು ದೀಪ ಹತ್ತದಿದ್ದಾಗ ಗೀಸರು ಕೆಟ್ಟಿದೆ ಎಂದು ಫೋನು ಮಾಡುತ್ತಾರೆ. ನಡೆಯುವುದನ್ನೂ ನಡೆಯದಿರುವುದನ್ನೂ ಹೆಸರು ಹಿಡಿದು ಬರೆಯಬೇಕು, ಮತ್ತು ನಡೆಯುವುದನ್ನು ಮೊದಲು ಬರೆಯಬೇಕು.

ಜನರೇಟರಿನ ವಿಷಯದಲ್ಲಿ ಇನ್ನೊಂದು ಸಣ್ಣ ಸಂಗತಿಯನ್ನು ನಾನು ಬಹಳ ಕಾಲ ಗಮನಿಸಿರಲಿಲ್ಲ. ನಮ್ಮದು ತಾನಾಗಿ ಶುರುವಾಗುವ ಯಂತ್ರವಲ್ಲ, ಕಾವಲುಗಾರರು ಹಿತ್ತಲಿಗೆ ಹೋಗಿ ಹಾಕಿ, ಚೇಂಜ್‌ಓವರ್ ಸ್ವಿಚ್ಚನ್ನು ತಿರುಗಿಸಬೇಕು; ಅದಕ್ಕೆ ಎರಡು ಮೂರು ನಿಮಿಷ ಹಿಡಿಯುತ್ತದೆ. ಕಿಟಕಿಯಿಲ್ಲದ ಸ್ನಾನದ ಮನೆಯಲ್ಲಿ ನಿಂತವರಿಗೆ ಆ ಮೂರು ನಿಮಿಷ ಬಹಳ ದೊಡ್ಡದು, ಅದರ ಮೇಲೆ ಹಿತ್ತಲಿನಿಂದ ಯಂತ್ರದ ಗಡಗಡ ಸದ್ದು ಬೇರೆ. ಈಗ ಪ್ರತಿ ಸ್ನಾನದ ಮನೆಯ ಒಂದು ದೀಪವನ್ನು ಯು.ಪಿ.ಎಸ್.ಗೆ ಸೇರಿಸಿದ್ದೇವೆ, ಆ ಮೂರು ನಿಮಿಷದ ಮಾತನ್ನು ಸೂಚನೆಯಲ್ಲಿಯೂ ಹೇಳುತ್ತೇವೆ. ಮೊದಲೇ ತಿಳಿದವರು ನಿಂತಲ್ಲೇ ಕಾಯುತ್ತಾರೆ, ತಿಳಿಯದವರು ಒದ್ದೆ ನೆಲದ ಮೇಲೆ ಕತ್ತಲಲ್ಲಿ ಬಾಗಿಲು ಹುಡುಕುತ್ತಾರೆ.

ಇಷ್ಟನ್ನು ನೋಡಿಕೊಂಡ ಮೇಲೆ ಬರೆದ ಸೂಚನೆ ಇದು:

ನಾಳೆ, ಗುರುವಾರ, ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಈ ಬಡಾವಣೆಯಲ್ಲಿ ಕರೆಂಟು ಇರುವುದಿಲ್ಲ. ವಿದ್ಯುತ್ ಉಪಕೇಂದ್ರದಲ್ಲಿ ಮೊದಲೇ ಗೊತ್ತುಪಡಿಸಿದ ನಿರ್ವಹಣಾ ಕೆಲಸ ಇದಕ್ಕೆ ಕಾರಣ.

ನಲ್ಲಿ ನೀರು ಎಂದಿನಂತೆ ಬರುತ್ತದೆ. ಕೊಠಡಿಯ ದೀಪ, ಫ್ಯಾನು, ಮೊಬೈಲ್ ಚಾರ್ಜಿಂಗ್ ಮತ್ತು ವೈ-ಫೈ ಜನರೇಟರಿನಿಂದ ನಡೆಯುತ್ತವೆ. ಜನರೇಟರು ಶುರುವಾಗಲು ಎರಡು ಮೂರು ನಿಮಿಷ ಬೇಕು. ಅಷ್ಟು ಹೊತ್ತು ಸ್ನಾನದ ಮನೆಯಲ್ಲಿ ಒಂದು ದೀಪ ಉರಿಯುತ್ತಿರುತ್ತದೆ.

ಗೀಸರು, ಎ.ಸಿ. ಮತ್ತು ಲಿಫ್ಟು ನಡೆಯುವುದಿಲ್ಲ. ಲಿಫ್ಟನ್ನು 9.45ಕ್ಕೆ ನಿಲ್ಲಿಸುತ್ತೇವೆ. ಗೀಸರಿನ ನೀರನ್ನು ಅಷ್ಟರೊಳಗೆ ಬಳಸಿಕೊಳ್ಳಿ. ಆಮೇಲೆ ಬಿಸಿನೀರು ಬೇಕಾದರೆ ಕೊಠಡಿಯ ಫೋನಿನಿಂದ 9 ಒತ್ತಿ ತಿಳಿಸಿ, ಬಕೆಟಿನಲ್ಲಿ ತಂದುಕೊಡುತ್ತೇವೆ.

ಫ್ರಿಜ್ಜಿನಲ್ಲಿ ಇಡಬೇಕಾದ ಔಷಧಿ ಅಥವಾ ಕರೆಂಟಿನಿಂದ ನಡೆಯುವ ವೈದ್ಯಕೀಯ ಉಪಕರಣ ನಿಮ್ಮಲ್ಲಿದ್ದರೆ, ಅಥವಾ ಮೆಟ್ಟಿಲು ಹತ್ತುವುದು ಕಷ್ಟವಾದರೆ, ಇಂದು ರಾತ್ರಿಯೇ ತಿಳಿಸಿ, ವ್ಯವಸ್ಥೆ ಮಾಡುತ್ತೇವೆ.

ಐದಕ್ಕೆ ಕರೆಂಟು ಬಾರದಿದ್ದರೆ ಜನರೇಟರು ಮುಂದುವರಿಯುತ್ತದೆ, 5.15ಕ್ಕೆ ಹೊಸ ಮಾಹಿತಿಯನ್ನು ಇಲ್ಲಿಯೇ ಬರೆಯುತ್ತೇವೆ.

ಇದರಲ್ಲಿ ‘ಗಾಬರಿಯಾಗಬೇಡಿ’ ಎಂಬ ಮಾತಿಲ್ಲ, ಏಕೆಂದರೆ ಆ ಮಾತನ್ನು ಓದುವವರೆಗೆ ಗಾಬರಿಯಾಗಬಹುದಾದ ವಿಷಯವಿದೆ ಎಂದು ಯಾರಿಗೂ ಹೊಳೆದಿರುವುದಿಲ್ಲ. ‘ಅನಿವಾರ್ಯ ಕಾರಣಗಳಿಂದ’ ಎಂಬುದೂ ಇಲ್ಲ. ಅದು ಕಾರಣವನ್ನು ಮುಚ್ಚಿಡುವ ಮಾತಾದ್ದರಿಂದ, ಬಿಲ್ಲು ಕಟ್ಟಿಲ್ಲವೋ, ವೈರು ಸುಟ್ಟಿದೆಯೋ ಎಂದು ಓದುವವರು ತಾವೇ ಊಹಿಸಬೇಕಾಗುತ್ತದೆ. ನಿಜವಾದ ಕಾರಣ ಅರ್ಧ ಸಾಲಿನಷ್ಟೇ ಇದ್ದು, ತೀರ ಸಾಮಾನ್ಯವಾದದ್ದೂ ಆಗಿದೆ. ಆದರೆ ಕಾರಣವನ್ನು ಬೆಳೆಸಿ ಟ್ರಾನ್ಸ್‌ಫಾರ್ಮರು, ಫೀಡರು ಎಂದೆಲ್ಲ ಬರೆದರೂ ಏನೋ ದೊಡ್ಡದಾಗಿದೆ ಎಂದೇ ಅನ್ನಿಸುತ್ತದೆ. ಕೆಂಪು ಶಾಯಿ, ದಪ್ಪಕ್ಷರದಲ್ಲಿ ‘ತುರ್ತು ಸೂಚನೆ’ ಎಂಬ ತಲೆಬರಹ, ಸಾಲಿನ ಕೊನೆಗೆ ಮೂರು ಆಶ್ಚರ್ಯಚಿಹ್ನೆ, ಇವುಗಳನ್ನು ಬೆಂಕಿಯಂಥ ನಿಜವಾದ ಅಪಾಯಕ್ಕೆ ಕಾದಿಡಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ತಲೆಬರಹವಾಗಿ ನಾಳೆಯ ವಾರ, ದಿನಾಂಕ, ಸಮಯ ಬರೆದರೆ ಸಾಕು.

ಸಮಯದ ವಿಷಯದಲ್ಲಿ ಎಚ್ಚರ ಬೇಕು. ಐದು ಗಂಟೆ ಎಂಬುದು ವಿದ್ಯುತ್ ಕಂಪನಿ ಪ್ರಕಟಿಸಿದ ಅವಧಿಯೇ ಹೊರತು ನಾವು ಕೊಡಬಹುದಾದ ಭರವಸೆಯಲ್ಲ. ಕೆಲಸ ಬೇಗ ಮುಗಿದು ನಾಲ್ಕಕ್ಕೇ ಬರಬಹುದು, ಆರಾದರೂ ಬಾರದಿರಬಹುದು, ನಡುವೆ ಪರೀಕ್ಷೆಗೆಂದು ಐದು ನಿಮಿಷ ಬಂದು ಹೋಗಲೂಬಹುದು. ‘ಸಂಜೆ ಐದಕ್ಕೆ ಖಂಡಿತ ಬರುತ್ತದೆ’ ಎಂದು ಹೇಳಿ ಅದು ಬಾರದೆ ಹೋದರೆ, ಐದೂ ಕಾಲಿನ ನಂತರ ಸೂಚನೆಯ ಉಳಿದ ಮಾತುಗಳನ್ನೂ ಯಾರೂ ನಂಬುವುದಿಲ್ಲ. ನಮ್ಮ ಕೈಯಲ್ಲಿರುವುದು ಮುಂದಿನ ಮಾಹಿತಿ ಯಾವಾಗ, ಎಲ್ಲಿ ಸಿಗುತ್ತದೆ ಎಂಬ ಮಾತು ಮಾತ್ರ; ಅದನ್ನು ಕೊಟ್ಟು ತಪ್ಪದೆ ನಡೆಸಬೇಕು. ಐದೂ ಕಾಲಿಗೆ ಹೇಳಲು ಹೊಸದೇನೂ ಇಲ್ಲದಿದ್ದರೆ ‘ಬೆಸ್ಕಾಂ ಸಹಾಯವಾಣಿ 1912ಕ್ಕೆ ವಿಚಾರಿಸಿದ್ದೇವೆ, ಕೆಲಸ ಇನ್ನೂ ನಡೆಯುತ್ತಿದೆ, 6ಕ್ಕೆ ಮತ್ತೆ ತಿಳಿಸುತ್ತೇವೆ’ ಎಂದಾದರೂ ಬರೆಯಬೇಕು.

ಸೂಚನೆಯನ್ನು ಕೊಡುವ ಹೊತ್ತೂ ಮುಖ್ಯ. ಬೆಳಿಗ್ಗೆ ಹತ್ತಕ್ಕೆ ಕರೆಂಟು ಹೋಗುವುದಾದರೆ ಬೆಳಿಗ್ಗೆ ಎಂಟಕ್ಕೆ ಅಂಟಿಸಿದ ಕಾಗದವನ್ನು ನಂದಿಬೆಟ್ಟಕ್ಕೆ ಹೋದವರು ಮರಳಿ ಬರುವವರೆಗೆ ನೋಡುವುದೇ ಇಲ್ಲ. ಹಿಂದಿನ ಸಂಜೆ ಅವರು ಊಟ ಮುಗಿಸಿ ಬರುವ ಮುಂಚೆ ಅದು ಕೊಠಡಿಯ ಬಾಗಿಲ ಒಳಬದಿಯಲ್ಲಿ ಇರಬೇಕು, ಬುಧವಾರ ರಾತ್ರಿ ಬಂದು ಸೇರುವವರಿಗೆ ಕೀಲಿಕೈ ಕೊಡುವಾಗ ಬಾಯಲ್ಲಿಯೂ ಹೇಳಬೇಕು. ಮುಂಗಡವಾಗಿ ಕೊಠಡಿ ಕಾದಿರಿಸಿದವರಿಗೆ, ಅದರಲ್ಲೂ ವಯಸ್ಸಾದವರನ್ನು ಕರೆತರುವುದಾಗಿ ಹೇಳಿದವರಿಗೆ, ಹೊರಡುವ ಮುನ್ನವೇ ಸಂದೇಶ ಕಳಿಸುವುದು ನ್ಯಾಯ. ನಮ್ಮ ಕಡೆ ಆಂಧ್ರದ ಗಡಿ ಹತ್ತಿರವಾದ್ದರಿಂದ ಕನ್ನಡದ ಜೊತೆಗೆ ತೆಲುಗು ಮತ್ತು ಇಂಗ್ಲಿಷಿನಲ್ಲಿಯೂ ಬರೆಯುತ್ತೇವೆ. ಮೂರರಲ್ಲಿಯೂ ಅದೇ ಸಮಯ ಇದೆಯೇ ಎಂದು ಇನ್ನೊಬ್ಬರಿಂದ ಓದಿಸಿ ನೋಡುತ್ತೇವೆ. ಕೊಠಡಿ ಹುಡುಗರು, ಕಾವಲುಗಾರರು, ಅಡುಗೆಯವರು ಎಲ್ಲರೂ ಸೂಚನೆಯನ್ನು ಮೊದಲೇ ಕೇಳಿರಬೇಕು. ಕಾಗದದಲ್ಲಿ ನೀರು ಬರುತ್ತದೆ ಎಂದಿದ್ದು, ಕಾರಿಡಾರಿನಲ್ಲಿ ಸಿಕ್ಕ ಹುಡುಗ ‘ಗೊತ್ತಿಲ್ಲ ಸಾರ್, ನೀರು ನಿಲ್ಲಬಹುದು, ಬಕೆಟ್ ಹಿಡಿದಿಟ್ಟುಕೊಳ್ಳಿ’ ಎಂದರೆ, ಮೂವತ್ತೆಂಟು ಮಂದಿಯೂ ಬಕೆಟ್ ಹಿಡಿಯತೊಡಗುತ್ತಾರೆ, ಕಾಗದದ ಮಾತನ್ನು ಯಾರೂ ನಂಬುವುದಿಲ್ಲ.

ಮೊದಲೇ ತಿಳಿದಿರುವ ಕರೆಂಟು ಕಡಿತಕ್ಕಿಂತ ಕಷ್ಟವಾದದ್ದು, ಬೇಸಿಗೆಯಲ್ಲಿ ಹೇಳದೆ ಕೇಳದೆ ಕೊಳವೆಬಾವಿಯ ಮೋಟಾರು ಸುಡುವುದು. ಒಂದು ಏಪ್ರಿಲ್ ತಿಂಗಳಲ್ಲಿ ನಮಗೆ ಹಾಗಾಯಿತು. ಮೋಟಾರನ್ನು ಮೇಲೆತ್ತಬೇಕಾದರೆ ಲಾರಿ ಬಂದು, ಸಾವಿರ ಅಡಿಗೂ ಹೆಚ್ಚು ಪೈಪನ್ನು ತುಂಡು ತುಂಡಾಗಿ ಬಿಚ್ಚಿ ಜೋಡಿಸಬೇಕು. ಒಂದು ದಿನವೂ ಆಗಬಹುದು, ಮೂರು ದಿನವೂ ಆಗಬಹುದು. ಇಂಥಲ್ಲಿ ಮುಗಿಯುವ ಸಮಯವನ್ನು ಬರೆಯುವುದಕ್ಕೇ ಆಗದು. ಆದರೆ ಟ್ಯಾಂಕರ್ ನೀರು ತರಿಸುತ್ತಿದ್ದೇವೆ, ಬೆಳಿಗ್ಗೆ 5ರಿಂದ 10 ಮತ್ತು ಸಂಜೆ 6ರಿಂದ 9 ನೀರು ಬಿಡುತ್ತೇವೆ, ನಡುವೆ ಬಳಸಲು ಪ್ರತಿ ಸ್ನಾನದ ಮನೆಯಲ್ಲಿ ಎರಡು ಬಕೆಟ್ ತುಂಬಿಸಿಟ್ಟಿದ್ದೇವೆ ಎಂದು ಬರೆಯಲು ಸಾಧ್ಯವಿತ್ತು, ಹಾಗೆಯೇ ಬರೆದೆವು. ಇಲ್ಲಿನ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದರಿಂದ ಕುಡಿಯಲು ನಾವು ಯಾವಾಗಲೂ ಶುದ್ಧೀಕರಿಸಿದ ನೀರಿನ ಕ್ಯಾನನ್ನೇ ಇಡುತ್ತೇವೆ. ಆ ದಿನ ಅದನ್ನು ‘ನಲ್ಲಿಯ ನೀರನ್ನು ಕುಡಿಯಬೇಡಿ’ ಎಂದು ಬರೆದಿದ್ದರೆ ಟ್ಯಾಂಕರ್ ನೀರಿನಲ್ಲಿ ಏನೋ ದೋಷವಿದೆ ಎಂಬ ಅರ್ಥ ಬರುತ್ತಿತ್ತು. ‘ಕುಡಿಯುವ ನೀರಿನ ಕ್ಯಾನು ಎಂದಿನಂತೆ ಪ್ರತಿ ಮಹಡಿಯಲ್ಲಿದೆ’ ಎಂದು ಬರೆದೆವು.

ನೀರು ನಿಂತ ದಿನ ಅತಿಥಿಗಳಿಂದ ಒಂದೇ ಒಂದು ಕೆಲಸವನ್ನು ಕೇಳಬೇಕು, ಅದು ನಲ್ಲಿ ಮುಚ್ಚುವುದು. ನೀರು ಬರುತ್ತದೆಯೇ ಎಂದು ತಿರುಗಿಸಿ ನೋಡಿ, ಬಾರದಿದ್ದಾಗ ಹಾಗೆಯೇ ಬಿಟ್ಟು ಹೊರಗೆ ಹೋದರೆ, ಸಂಜೆ ಆರಕ್ಕೆ ನೀರು ಬಿಟ್ಟಾಗ ಖಾಲಿ ಕೊಠಡಿಯ ನಲ್ಲಿ ಸುರಿಯುತ್ತಲೇ ಇರುತ್ತದೆ. ದುಡ್ಡು ಕೊಟ್ಟು ತರಿಸಿದ ಟ್ಯಾಂಕರಿನ ಅರ್ಧ ಚರಂಡಿಗೆ ಹೋಗುತ್ತದೆ, ಬಕೆಟ್ ಬಚ್ಚಲ ತೂತಿಗೆ ಅಡ್ಡವಿದ್ದರೆ ಕೊಠಡಿಗೇ ನೀರು ನುಗ್ಗುತ್ತದೆ. ‘ನೀರನ್ನು ಮಿತವಾಗಿ ಬಳಸಿ’ ಎಂಬ ಮಾತಿನಿಂದ ಏನು ಮಾಡಬೇಕೆಂದು ಯಾರಿಗೂ ತಿಳಿಯುವುದಿಲ್ಲ. ‘ಹೊರಗೆ ಹೋಗುವ ಮುನ್ನ ಎಲ್ಲ ನಲ್ಲಿಗಳೂ ಮುಚ್ಚಿವೆಯೇ ನೋಡಿ’ ಎಂದರೆ ಹೆಚ್ಚಿನವರು ನೋಡುತ್ತಾರೆ. ನೀರು ಮರಳಿ ಬಂದಾಗ ಪೈಪಿನಲ್ಲಿ ಸೇರಿದ ಗಾಳಿಯಿಂದ ನಲ್ಲಿ ಪಟಪಟನೆ ಸೀನುತ್ತದೆ, ಮೊದಲ ಅರ್ಧ ನಿಮಿಷ ನೀರು ಕಂದು ಬಣ್ಣಕ್ಕಿರುತ್ತದೆ. ಇದನ್ನೂ ಹೇಳಿಟ್ಟರೆ ಅದನ್ನು ಕಂಡು ಕೆಳಗೆ ಓಡಿ ಬರುವವರು ಇರುವುದಿಲ್ಲ.

ಕೊನೆಗೆ ಆ ಕಾಗದವನ್ನು ತೆಗೆಯುವ ವಿಷಯ. ಒಂದು ಸಲ ಕರೆಂಟು ಬಂದು ಎರಡು ದಿನವಾದರೂ ಲಿಫ್ಟಿನ ಬಾಗಿಲ ಮೇಲಿನ ‘ಲಿಫ್ಟ್ ಇಲ್ಲ’ ಎಂಬ ಚೀಟಿಯನ್ನು ನಾವು ತೆಗೆದಿರಲಿಲ್ಲ, ಅದರ ಮೇಲೆ ದಿನಾಂಕವೂ ಇರಲಿಲ್ಲ. ಮೂರನೇ ಮಹಡಿಯಲ್ಲಿ ಇಳಿದುಕೊಂಡಿದ್ದ ಒಬ್ಬ ಅಜ್ಜಿ ಅದನ್ನು ನಂಬಿ, ಮೊಮ್ಮಗಳ ಭುಜ ಹಿಡಿದು ಎರಡು ದಿನವೂ ಮೆಟ್ಟಿಲನ್ನೇ ಹತ್ತಿ ಇಳಿದರು. ಹೊರಡುವ ದಿನ ಬಿಲ್ಲು ಕೊಡುವಾಗ, ‘ಲಿಫ್ಟು ಯಾವಾಗ ಸರಿಹೋಗುತ್ತದಪ್ಪ?’ ಎಂದು ಅವರು ಕೇಳಿದಾಗಲೇ ನನಗೆ ಚೀಟಿಯ ನೆನಪಾದದ್ದು. ಆಮೇಲಿನಿಂದ ಎಷ್ಟು ಕಡೆ ಸೂಚನೆ ಅಂಟಿಸಿದ್ದೇವೆಂಬುದನ್ನು ಕೌಂಟರಿನ ಪುಸ್ತಕದಲ್ಲಿ ಬರೆದಿಡುತ್ತೇವೆ. ಕರೆಂಟು ಬಂದು ಅರ್ಧ ಗಂಟೆ ನಿಂತಿತೆಂದು ಖಚಿತವಾದ ಮೇಲೆ, ಅಂಟಿಸಿದವರೇ ಹೋಗಿ ಎಲ್ಲವನ್ನೂ ಕಿತ್ತು ತಂದು ಎಣಿಸಿ, ಪುಸ್ತಕದಲ್ಲಿ ಗುರುತು ಹಾಕುತ್ತಾರೆ.